ಬಾಡಿಗೆ ಭತ್ಯೆಗೆ ದಾಖಲೆ ಕೇಳಿ ಸ್ಕ್ರೂಟಿನಿ ನೋಟಿಸ್ ಬಂದಾಗ: ಉತ್ತರ ಕೊಡುವ ಕ್ರಮ

ಕಾರವಾರದಲ್ಲಿ ಸಂಬಳದಾರರ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಬಾಡಿಗೆ ಭತ್ಯೆ ಅಂದರೆ ಎಚ್‌ಆರ್‌ಎ ವಿಷಯದಲ್ಲಿ ರಿಟರ್ನ್ ತಪಾಸಣೆಯ ಸ್ಕ್ರೂಟಿನಿ ನೋಟಿಸ್ ಬಂದವರು ನನ್ನ ಹತ್ತಿರ ಬರುವಷ್ಟರಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಮಾಡಿ ಮುಗಿಸಿರುತ್ತಾರೆ. ಹನ್ನೆರಡು ಬಾಡಿಗೆ ರಸೀದಿಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಆದಾಯ ತೆರಿಗೆ ಪೋರ್ಟಲ್‌ಗೆ ಏರಿಸಿ, "ಉತ್ತರ ಕೊಟ್ಟಾಯ್ತಲ್ಲ" ಎಂದು ಸುಮ್ಮನಾಗಿರುತ್ತಾರೆ. ರಸೀದಿ ಕೇಳಿದ್ದು ನಿಜ. ಆದರೆ ಅಧಿಕಾರಿ ತಿಳಿಯಬಯಸುವುದು ಮೂರು ಸಂಗತಿ: ನೀವು ಆ ಮನೆಯಲ್ಲಿ ಇದ್ದಿರಾ, ಹಣ ನಿಮ್ಮ ಕೈಯಿಂದ ಹೋಗಿದೆಯಾ, ಅದು ಮಾಲೀಕರಿಗೆ ತಲುಪಿದೆಯಾ. ರಸೀದಿ ಒಂದೇ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ.

ನಮ್ಮ ಕಡೆ ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಬಾಡಿಗೆ ನಿಜವಾಗಿ ಕೊಟ್ಟಿರುತ್ತಾರೆ, ಆದರೆ ಕೆಲವು ತಿಂಗಳು ನಗದು, ಕೆಲವು ತಿಂಗಳು ಮಾಲೀಕರ ಮಗನ ಖಾತೆಗೆ. ಕರಾರು ಪತ್ರ ಇರುವುದಿಲ್ಲ. ಅಂಥದೇ ಒಂದು ಪ್ರಕರಣವನ್ನು ಹಿಡಿದು ಕ್ರಮವಾಗಿ ಹೇಳುತ್ತೇನೆ. ಲೆಕ್ಕವೆಲ್ಲ 2023-24ನೇ ಹಣಕಾಸು ವರ್ಷದ್ದು, ಅಂದರೆ 2024-25ನೇ ಅಸೆಸ್‌ಮೆಂಟ್ ವರ್ಷದ್ದು. ಆ ವರ್ಷಕ್ಕೆ ಅನ್ವಯಿಸುವುದು 1961ರ ಆದಾಯ ತೆರಿಗೆ ಕಾಯ್ದೆ.

## ಬೇಕಾಗುವ ಸಾಮಗ್ರಿ

ಪೋರ್ಟಲ್‌ನ ಲಾಗಿನ್, ಫಾರ್ಮ್ 16, ಆ ವರ್ಷದ ಪ್ರತಿ ತಿಂಗಳ ಸಂಬಳ ಚೀಟಿ, ಬಾಡಿಗೆ ವಿವರ ಬರೆದು ಕಚೇರಿಗೆ ಕೊಟ್ಟಿದ್ದ ಫಾರ್ಮ್ 12ಬಿಬಿಯ ಪ್ರತಿ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪೂರ್ತಿ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದಲೇ ಪಿಡಿಎಫ್ ಆಗಿ ಪಡೆಯಿರಿ, ಯುಪಿಐ ಆ್ಯಪ್‌ನ ಸ್ಕ್ರೀನ್‌ಶಾಟ್ ಸಾಲದು. ಕಾಗದಗಳನ್ನು ಓದುವಂತೆ ಸ್ಕ್ಯಾನ್ ಮಾಡಲು ಒಂದು ಸ್ಕ್ಯಾನರ್ ಅಥವಾ ಪಕ್ಕದ ಝೆರಾಕ್ಸ್ ಅಂಗಡಿ.

## ಹಂತ 1: ಬಂದದ್ದು ಯಾವ ನೋಟಿಸ್ ಎಂದು ಗುರುತಿಸಿ

ಆದಾಯ ತೆರಿಗೆ ಇಲಾಖೆಯಿಂದ ಬರುವ ಪ್ರತಿ ಇಮೇಲ್ ಸ್ಕ್ರೂಟಿನಿ ಅಲ್ಲ. ಕಲಂ 143(1)(a) ಅಡಿಯ ಸೂಚನೆ ಕಂಪ್ಯೂಟರ್ ಹಿಡಿದ ವ್ಯತ್ಯಾಸ ಮಾತ್ರ. ಅದಕ್ಕೆ 30 ದಿನದೊಳಗೆ ಒಪ್ಪುತ್ತೀರೋ ಇಲ್ಲವೋ ಎಂದು ತಿಳಿಸಿದರೆ ಸಾಕು. ಕಲಂ 143(2) ಅಡಿಯಲ್ಲಿ ಬಂದದ್ದು ಸ್ಕ್ರೂಟಿನಿ. ಅದರ ಬೆನ್ನಿಗೇ ಕಲಂ 142(1) ಅಡಿಯಲ್ಲಿ ಪ್ರಶ್ನಾವಳಿ ಬರುತ್ತದೆ, ದಾಖಲೆಗಳ ಪಟ್ಟಿ ಇರುವುದು ಅದರಲ್ಲಿ. ಎರಡಕ್ಕೂ ಬೇರೆ ಬೇರೆಯಾಗಿ ಉತ್ತರ ಕೊಡಬೇಕು. ಮೊದಲನೆಯದಕ್ಕೆ ಕೊಟ್ಟೆನೆಂದು ಎರಡನೆಯದನ್ನು ಬಿಟ್ಟರೆ ಕಲಂ 272A ಅಡಿ 10,000 ರೂಪಾಯಿ ದಂಡ ಬೀಳಬಹುದು. ಇದಲ್ಲದೆ ಅಧಿಕಾರಿ ತಮ್ಮ ಬಳಿ ಇರುವ ಮಾಹಿತಿಯ ಮೇಲೇ ಆದೇಶ ಬರೆಯಬಹುದು.

143(2) ನೋಟಿಸ್‌ಗೆ ಗಡುವೂ ಇದೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಮೂರು ತಿಂಗಳೊಳಗೆ ಅದು ನಿಮಗೆ ಮುಟ್ಟಿರಬೇಕು. 2024ರ ಜುಲೈನಲ್ಲಿ ರಿಟರ್ನ್ ಹಾಕಿದವರಿಗೆ 2025ರ ಜೂನ್ 30 ಕೊನೆಯ ದಿನ. ನಿಮ್ಮ ನೋಟಿಸ್‌ನ ದಿನಾಂಕವನ್ನು ಮೊದಲು ಇದಕ್ಕೆ ಹೋಲಿಸಿ ನೋಡಿ.

ನೋಟಿಸ್ ಅಸಲಿಯೇ ಎಂದು ತಿಳಿಯಲು ಅದರ ಮೇಲಿನ ಗುರುತಿನ ಸಂಖ್ಯೆ ಡಿಐಎನ್ ಅನ್ನು ಪೋರ್ಟಲ್‌ನ ಮುಖಪುಟದಲ್ಲಿರುವ `Authenticate notice/order issued by ITD` ಎಂಬಲ್ಲಿ ಹಾಕಿ ನೋಡಿ. ಲಾಗಿನ್ ಬೇಕಿಲ್ಲ. ಫೋನ್ ಮಾಡಿ "ನಿಮ್ಮ ಕೇಸು ಮುಗಿಸಿಕೊಡುತ್ತೇನೆ" ಎನ್ನುವವರು ಯಾರೇ ಆಗಲಿ, ಮಾತು ಅಲ್ಲಿಗೇ ನಿಲ್ಲಿಸಿ. ಈಗಿನ ಸ್ಕ್ರೂಟಿನಿ ಮುಖಾಮುಖಿಯಿಲ್ಲದ ಪದ್ಧತಿಯದು. ಪತ್ರವ್ಯವಹಾರವೆಲ್ಲ ಪೋರ್ಟಲ್ ಮೂಲಕವೇ.

## ಹಂತ 2: ಗಡುವು ಬರೆದಿಟ್ಟುಕೊಳ್ಳಿ, ಬೇಕಿದ್ದರೆ ಸಮಯ ಕೇಳಿ

ಲಾಗಿನ್ ಆಗಿ `Pending Actions`, ಅಲ್ಲಿಂದ `e-Proceedings`, ಆಮೇಲೆ `View Notices`. ನೋಟಿಸ್ ಇಳಿಸಿಕೊಂಡು ಮೂರು ಸಂಗತಿ ಕಾಗದದಲ್ಲಿ ಬರೆಯಿರಿ: ಯಾವ ಅಸೆಸ್‌ಮೆಂಟ್ ವರ್ಷ, ಯಾವ ಕಾರಣಕ್ಕೆ ಆಯ್ಕೆ, ಉತ್ತರಕ್ಕೆ ಕೊನೆಯ ದಿನ. ವರ್ಷವನ್ನು ತಪ್ಪು ಓದಿ, ಕೇಳಿದ ವರ್ಷದ ಮುಂದಿನ ವರ್ಷದ ರಸೀದಿಗಳನ್ನು ಕಟ್ಟಿಕೊಂಡು ಬಂದವರನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಮಾಲೀಕರು ಗೋವಾದಲ್ಲೋ ಮುಂಬೈಯಲ್ಲೋ ಇದ್ದರೆ ಅವರಿಂದ ಕಾಗದ ತರಿಸಲು ದಿನ ಹಿಡಿಯುತ್ತದೆ. ಅಂಥಾಗ ಗಡುವು ಮುಗಿಯುವ ಮೊದಲೇ ಅದೇ ಪುಟದಲ್ಲಿ ಮುಂದೂಡಿಕೆ ಕೇಳಿ, ಕಾರಣವನ್ನು ಇದ್ದಂತೆ ಬರೆಯಿರಿ. ಗಡುವು ದಾಟಿದ ಮೇಲೆ ಬರೆದ ಮನವಿಗೆ ಬೆಲೆ ಇರುವುದಿಲ್ಲ.

## ಹಂತ 3: ಕಾಗದ ಹುಡುಕುವ ಮೊದಲು ಲೆಕ್ಕ ಮರುಮಾಡಿ

ಈ ಹಂತವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ನೀವು ಕೇಳಿದ ವಿನಾಯಿತಿ ಸರಿಯಿತ್ತೇ ಎಂದು ನಿಮಗೇ ಗೊತ್ತಿಲ್ಲದೆ ದಾಖಲೆ ಕಳಿಸಿದರೆ, ನಿಮ್ಮ ದಾಖಲೆಯೇ ನಿಮಗೆ ತಿರುಗಿ ನಿಲ್ಲುತ್ತದೆ.

ನಿಯಮ 2A ಪ್ರಕಾರ ಮೂರರಲ್ಲಿ ಕಡಿಮೆಯದಕ್ಕೆ ಮಾತ್ರ ವಿನಾಯಿತಿ: ಕೈಗೆ ಬಂದ ಎಚ್‌ಆರ್‌ಎ, ಕೊಟ್ಟ ಬಾಡಿಗೆಯಲ್ಲಿ ಸಂಬಳದ 10% ಕಳೆದು ಉಳಿದದ್ದು, ಸಂಬಳದ 40%. ಇಲ್ಲಿ ಸಂಬಳ ಎಂದರೆ ಮೂಲವೇತನ ಮತ್ತು ನಿವೃತ್ತಿ ಸೌಲಭ್ಯಕ್ಕೆ ಲೆಕ್ಕವಾಗುವ ತುಟ್ಟಿಭತ್ಯೆ. 50% ಇದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಕಾರವಾರ, ಶಿರಸಿ, ಕುಮಟೆ ಎಲ್ಲಕ್ಕೂ 40%. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ. ಹಾಗಾಗಿ ಹಳೆ ಪದ್ಧತಿಯನ್ನೇ ಆರಿಸಿದ್ದಿರೋ ಎಂದು ರಿಟರ್ನ್‌ನಲ್ಲಿ ನೋಡಿಕೊಳ್ಳಿ.

ಈಗ ನಮ್ಮ ಪ್ರಕರಣ. ಸಹಕಾರಿ ಸಂಸ್ಥೆಯೊಂದರ ನೌಕರರು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 60,000, ಎಚ್‌ಆರ್‌ಎ 10,000. ಏಪ್ರಿಲ್, ಮೇ ಎರಡು ತಿಂಗಳು ಶಿರಸಿಯಲ್ಲಿ ತಂದೆಯ ಮನೆಯಲ್ಲೇ ಇದ್ದರು, ಬಾಡಿಗೆ ಕೊಟ್ಟಿರಲಿಲ್ಲ. ವರ್ಗವಾಗಿ ಜೂನ್‌ನಲ್ಲಿ ಕಾರವಾರಕ್ಕೆ ಬಂದು ಕಾಜುಬಾಗದಲ್ಲಿ 14,000 ರೂಪಾಯಿಗೆ ಮನೆ ಹಿಡಿದರು. ಫಾರ್ಮ್ 12ಬಿಬಿಯಲ್ಲಿ "ತಿಂಗಳ ಬಾಡಿಗೆ 14,000" ಎಂದಷ್ಟೇ ಬರೆದುಕೊಟ್ಟರು, ಕಚೇರಿಯವರು ಅದನ್ನು ಹನ್ನೆರಡರಿಂದ ಗುಣಿಸಿದರು. 1,68,000ರಲ್ಲಿ ವರ್ಷದ ಸಂಬಳದ 10% ಅಂದರೆ 72,000 ಕಳೆದು, 96,000 ರೂಪಾಯಿ ವಿನಾಯಿತಿ ಎಂದು ಫಾರ್ಮ್ 16ರಲ್ಲಿ ಬಂತು. ರಿಟರ್ನ್‌ನಲ್ಲೂ ಅದೇ ಹೋಯಿತು.

ಬಾಡಿಗೆ ಕೊಟ್ಟದ್ದು ಹತ್ತೇ ತಿಂಗಳು. ಆ ಹತ್ತು ತಿಂಗಳಲ್ಲಿ ಪ್ರತಿ ತಿಂಗಳು 14,000ದಲ್ಲಿ 6,000 ಕಳೆದರೆ 8,000, ಒಟ್ಟು 80,000. ಎಚ್‌ಆರ್‌ಎ 1,00,000, ಸಂಬಳದ 40% ಎಂದರೆ 2,40,000, ಕಡಿಮೆಯದು 80,000ವೇ. ಬಾಡಿಗೆ ಕೊಡದ ಎರಡು ತಿಂಗಳ ಎಚ್‌ಆರ್‌ಎ ಪೂರ್ತಿ ತೆರಿಗೆಗೆ ಒಳಪಡುತ್ತದೆ. ಹಾಗಾಗಿ 16,000 ರೂಪಾಯಿ ಹೆಚ್ಚು ಕೇಳಿದಂತಾಯಿತು. ಇವರು 20% ಹಂತದಲ್ಲಿದ್ದರು, ಸೆಸ್ ಸೇರಿ ಕಟ್ಟಬೇಕಾದ ತೆರಿಗೆ 3,328 ರೂಪಾಯಿ.

ಈ ಮೊತ್ತವನ್ನು ನಾವೇ ಮೊದಲು ಹೇಳಿದೆವು. ಹೇಳದೆ ಇದ್ದು, ಏಪ್ರಿಲ್ ಮತ್ತು ಮೇ ತಿಂಗಳಿಗೆ ಯಾರಿಂದಲೋ ಎರಡು ರಸೀದಿ ಬರೆಸಿ ತಂದಿದ್ದರೆ ಏನಾಗುತ್ತಿತ್ತು? ವರ್ಗಾವಣೆ ಆದೇಶ ಕಚೇರಿಯಲ್ಲೇ ಇದೆ. ಆ ಎರಡು ರಸೀದಿ ಸುಳ್ಳೆಂದಾದರೆ ಉಳಿದ ಹತ್ತರ ಮೇಲೂ ನಂಬಿಕೆ ಹೋಗುತ್ತದೆ. 96,000 ಪೂರ್ತಿ ಬಿದ್ದರೆ ತೆರಿಗೆ 19,968. ತಪ್ಪು ಮಾಹಿತಿ ಕೊಟ್ಟದ್ದೆಂದು ತೀರ್ಮಾನವಾದರೆ ಕಲಂ 270A ಅಡಿ ದಂಡ ಅದರ ಎರಡು ಪಟ್ಟು, ಬಡ್ಡಿ ಬೇರೆ. 3,328ನ್ನು ಉಳಿಸಲು ಹೋಗಿ ಇಷ್ಟನ್ನು ಪಣಕ್ಕಿಡಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ಸ್ಕ್ರೂಟಿನಿ ಶುರುವಾದ ಮೇಲೆ ಆ ವರ್ಷಕ್ಕೆ ಅಪ್‌ಡೇಟೆಡ್ ರಿಟರ್ನ್ ಹಾಕಲು ಬರುವುದಿಲ್ಲ. ತಪ್ಪನ್ನು ಉತ್ತರದ ಪತ್ರದಲ್ಲೇ ಒಪ್ಪಿಕೊಳ್ಳಬೇಕು.

## ಹಂತ 4: ತಿಂಗಳುವಾರು ಪಟ್ಟಿ ಮಾಡಿ

ಇಡೀ ಉತ್ತರದ ಬೆನ್ನೆಲುಬು ಈ ಪಟ್ಟಿ. ಒಂದು ತಿಂಗಳಿಗೆ ಒಂದು ಸಾಲು. ಬಾಡಿಗೆ ಎಷ್ಟು, ಯಾವ ದಿನ ಕೊಟ್ಟದ್ದು, ಹೇಗೆ ಕೊಟ್ಟದ್ದು, ಯಾರ ಖಾತೆಗೆ, ಬ್ಯಾಂಕ್ ಸ್ಟೇಟ್‌ಮೆಂಟಿನ ಎಷ್ಟನೇ ಪುಟ, ರಸೀದಿ ಎಷ್ಟನೇ ಅನುಬಂಧ.

ನಮ್ಮ ನೌಕರರ ಹತ್ತು ತಿಂಗಳು ಮೂರು ಭಾಗವಾಯಿತು. ಜನವರಿಯಿಂದ ಮಾರ್ಚ್ ಮಾಲೀಕರ ಖಾತೆಗೇ ಯುಪಿಐ, ತೊಂದರೆ ಇಲ್ಲ. ಸೆಪ್ಟೆಂಬರ್‌ನಿಂದ ಡಿಸೆಂಬರ್ ಮಾಲೀಕರ ಮಗನ ಖಾತೆಗೆ. ಜೂನ್, ಜುಲೈ, ಆಗಸ್ಟ್ ನಗದು.

ನಗದು ಕೊಟ್ಟದ್ದು ಅಪರಾಧವಲ್ಲ, ಆದರೆ ಸಾಬೀತು ಮಾಡುವ ಭಾರ ನಿಮ್ಮದು. ಸ್ಟೇಟ್‌ಮೆಂಟ್ ತೆರೆದು ಬೆರಳಿಟ್ಟು ನೋಡಿದೆವು. ಜೂನ್ 3ಕ್ಕೆ ಎಟಿಎಂನಿಂದ 15,000 ತೆಗೆದದ್ದಿತ್ತು, ರಸೀದಿ ಜೂನ್ 5ರದ್ದು. ಜುಲೈ 2ಕ್ಕೆ 15,000, ರಸೀದಿ ಜುಲೈ 4. ಆಗಸ್ಟ್‌ನಲ್ಲಿ ತೆಗೆದದ್ದು 10,000 ಮಾತ್ರ, ಉಳಿದ 4,000 ಮನೆಯಲ್ಲಿದ್ದ ಹಣ. ಪಟ್ಟಿಯಲ್ಲೂ ಹಾಗೆಯೇ ಬರೆದೆವು, 14,000 ಹೊಂದಿಸಲು ಬೇರೆ ದಿನದ ಹಣವನ್ನು ಎಳೆದು ತರಲಿಲ್ಲ. ಹತ್ತು ಸಾಲಿನಲ್ಲಿ ಒಂದು ಸಾಲು ಸ್ವಲ್ಪ ಅರೆಕೊರೆಯಾಗಿದ್ದರೆ ಪಟ್ಟಿ ಬೀಳುವುದಿಲ್ಲ, ತಿದ್ದಿದ್ದೆಂದು ಕಂಡರೆ ಬೀಳುತ್ತದೆ.

ಮುಂಗಡವಾಗಿ ಕೊಟ್ಟ 50,000 ಡಿಪಾಸಿಟ್ ಬಾಡಿಗೆಯಲ್ಲ. ಅದನ್ನು ಪಟ್ಟಿಗೆ ಸೇರಿಸಬೇಡಿ, ಆದರೆ ಸ್ಟೇಟ್‌ಮೆಂಟಿನಲ್ಲಿ ಕಾಣುವುದರಿಂದ ಕೆಳಗೆ ಒಂದು ಸಾಲಿನ ವಿವರಣೆ ಇರಲಿ.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ಹೇಳಿಬಿಡುತ್ತೇನೆ. ತಿಂಗಳಿಗೆ 3,000ದೊಳಗೆ ಎಚ್‌ಆರ್‌ಎ ಪಡೆಯುವವರು ರಸೀದಿ ಕೊಡಬೇಕಿಲ್ಲ ಎಂಬುದು ಕಚೇರಿ ಟಿಡಿಎಸ್ ಕಡಿಯುವಾಗಿನ ರಿಯಾಯಿತಿ. ಸ್ಕ್ರೂಟಿನಿಯಲ್ಲಿ ಅಧಿಕಾರಿ ಅವರನ್ನೂ ಕೇಳಬಹುದು.

## ಹಂತ 5: ಮಾಲೀಕರಿಂದ ದೃಢೀಕರಣ ಪತ್ರ

ಕರಾರು ಪತ್ರ ಇದ್ದರೆ ಹಾಕಿ. ಇಲ್ಲದಿದ್ದರೆ ಈಗ ಹೊಸದಾಗಿ ಮಾಡಿಸಿ ಹಳೆ ದಿನಾಂಕ ಹಾಕಬೇಡಿ. ಇ-ಸ್ಟಾಂಪ್ ಕಾಗದದ ಮೇಲೆ ಅದನ್ನು ಕೊಂಡ ದಿನ, ಗಂಟೆ, ಪ್ರಮಾಣಪತ್ರ ಸಂಖ್ಯೆ ಎಲ್ಲ ಅಚ್ಚಾಗಿರುತ್ತದೆ, ಯಾರು ಬೇಕಾದರೂ ಪರಿಶೀಲಿಸಬಹುದು. 2025ರಲ್ಲಿ ಕೊಂಡ ಕಾಗದದ ಮೇಲೆ 2023ರ ಕರಾರು ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಒಂದೇ ಸಲಕ್ಕೆ ಕೂತು ಬರೆದ ಹನ್ನೆರಡು ರಸೀದಿಗಳೂ ಸ್ಕ್ಯಾನ್‌ನಲ್ಲಿ ಹಾಗೆಯೇ ಕಾಣುತ್ತವೆ.

ಸರಿಯಾದ ದಾರಿ, ಇಂದಿನ ದಿನಾಂಕದಲ್ಲಿ ಮಾಲೀಕರಿಂದ ಒಂದು ದೃಢೀಕರಣ ಪತ್ರ. ಮನೆಯ ವಿಳಾಸ, ಬಾಡಿಗೆದಾರರ ಹೆಸರು, ಇದ್ದ ಅವಧಿ, ತಿಂಗಳ ಬಾಡಿಗೆ, ಯಾವ ತಿಂಗಳು ನಗದು, ಯಾವ ತಿಂಗಳು ಯಾರ ಖಾತೆಗೆ, ಮಾಲೀಕರ ಪ್ಯಾನ್. ಮಗನ ಖಾತೆಗೆ ಹೋದ ನಾಲ್ಕು ತಿಂಗಳಿಗೆ "ನನ್ನ ಸೂಚನೆಯಂತೆ ನನ್ನ ಮಗನ ಖಾತೆಗೆ ಹಾಕಿದ ಈ ಮೊತ್ತ ನನ್ನ ಮನೆಯ ಬಾಡಿಗೆ" ಎಂಬ ಒಂದು ವಾಕ್ಯ ಬೇಕೇಬೇಕು.

ನಮ್ಮ ಪ್ರಕರಣದ ಮಾಲೀಕರು ಮಡಗಾಂವಿನಲ್ಲಿರುವ ವಯಸ್ಸಾದ ಹೆಂಗಸು. ಮೊದಲು ಹಿಂಜರಿದರು. "ತಮ್ಮಾ, ಇದಕ್ಕೆ ಸಹಿ ಹಾಕಿದ್ರೆ ನನ್ಗೆ ಟ್ಯಾಕ್ಸ್ ಬರ್ತದಾ?" ಎಂದು ಕೇಳಿದರು. ಮಾಲೀಕರು ಸಹಿ ಮಾಡದಿರುವುದಕ್ಕೆ ಬಹುತೇಕ ಇದೇ ಭಯ ಕಾರಣ, ಅದನ್ನು ಲೆಕ್ಕ ಹೇಳಿಯೇ ಹೋಗಲಾಡಿಸಬೇಕು. ವರ್ಷದ ಬಾಡಿಗೆ 1,40,000. ಅದರಲ್ಲಿ ದುರಸ್ತಿಗೆಂದು ಕಾಯ್ದೆಯೇ 30% ಕಳೆಯುತ್ತದೆ, ಉಳಿಯುವುದು 98,000. ಅವರಿಗೆ ಬೇರೆ ಆದಾಯ ಇರಲಿಲ್ಲ, ಹಾಗಾಗಿ ತೆರಿಗೆ ಬರುವ ಮಿತಿಯ ಹತ್ತಿರಕ್ಕೂ ಹೋಗಲಿಲ್ಲ. "ಇಲ್ಲಮ್ಮ, ನಿಮ್ಗೆ ಏನೂ ಬರೂದಿಲ್ಲ" ಎಂದು ಕಾಗದದ ಮೇಲೆ ಬಿಡಿಸಿ ತೋರಿಸಿದ ಮೇಲೆ ಸಹಿ ಹಾಕಿದರು. ಮಾಲೀಕರಿಗೆ ನಿಜವಾಗಿ ತೆರಿಗೆ ಬರುವಂತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಇಲಾಖೆ ಅವರಿಗೇ ನೇರವಾಗಿ ಪತ್ರ ಬರೆದು ವಿಚಾರಿಸಬಹುದು, ಆಗ ಅವರ ಮಾತೂ ನಿಮ್ಮ ಮಾತೂ ಒಂದೇ ಆಗಿರಬೇಕು.

ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಬೇಕು. ಪ್ಯಾನ್ ಇಲ್ಲದಿದ್ದರೆ, ಇಲ್ಲವೆಂದು ಹೆಸರು ವಿಳಾಸ ಸಹಿತ ಅವರ ಘೋಷಣೆ. ಕಚೇರಿಗೆ ಕೊಟ್ಟಿದ್ದ ಪ್ಯಾನ್ ಸರಿಯಿದೆಯೇ ಎಂದು ಈಗ ನೋಡಿ. ಈ ಪ್ರಕರಣದಲ್ಲಿ ಕೊಟ್ಟಿದ್ದು ತೀರಿಹೋದ ಅವರ ಗಂಡನ ಪ್ಯಾನ್, ಹಳೆ ರಸೀದಿ ಪುಸ್ತಕದ ಮೇಲೆ ಅಚ್ಚಾಗಿದ್ದದ್ದು. ನೋಟಿಸ್ ಬರಲು ಅದೂ ಒಂದು ಕಾರಣ ಇದ್ದೀತು. ಸರಿಯಾದ ಪ್ಯಾನ್ ಕೊಟ್ಟು, ತಪ್ಪು ಹೇಗಾಯಿತೆಂದು ಎರಡು ಸಾಲು ಬರೆದೆವು.

ಬಾಡಿಗೆ ತಂದೆ, ತಾಯಿಗೆ ಕೊಟ್ಟದ್ದಾದರೆ ಪರೀಕ್ಷೆ ಇನ್ನೂ ಕಠಿಣ. ತಾಯಿಗೆ ನಗದಿನಲ್ಲಿ ಬಾಡಿಗೆ ಕೊಟ್ಟೆನೆಂದ ಪ್ರಕರಣವೊಂದರಲ್ಲಿ 2017ರಲ್ಲಿ ಮುಂಬೈನ ಆದಾಯ ತೆರಿಗೆ ಟ್ರಿಬ್ಯೂನಲ್ ವಿನಾಯಿತಿ ಒಪ್ಪಲಿಲ್ಲ. ಸಂಬಂಧಿಕರಿಗೆ ಕೊಡಬಾರದೆಂದು ಕಾಯ್ದೆಯಲ್ಲಿಲ್ಲ. ಮನೆ ಅವರ ಹೆಸರಿನಲ್ಲಿರಬೇಕು, ಹಣ ಬ್ಯಾಂಕಿನ ಮೂಲಕ ಹೋಗಿರಬೇಕು, ಅವರ ರಿಟರ್ನ್ ಇದ್ದರೆ ಅದರಲ್ಲಿ ಆ ಬಾಡಿಗೆ ಕಾಣಬೇಕು. ಇವಿಲ್ಲದಿದ್ದರೆ ರಸೀದಿಯ ಮೇಲೆ ಭರವಸೆ ಇಡಬೇಡಿ.

## ಹಂತ 6: ಆ ಮನೆಯಲ್ಲಿ ಇದ್ದಿರೆಂಬುದಕ್ಕೆ ಸಾಕ್ಷಿ

ವಿದ್ಯುತ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ, ಹಾಗಾಗಿ ಉಪಯೋಗವಿಲ್ಲ ಎಂದು ಬಿಸಾಡುತ್ತಾರೆ. ಹೆಸ್ಕಾಂ ಬಿಲ್ಲಿನ ಮೇಲೆ ಆರ್‌ಆರ್ ನಂಬರ್ ಇರುತ್ತದೆ. ಆ ನಂಬರಿಗೆ ನಿಮ್ಮ ಖಾತೆಯಿಂದ ತಿಂಗಳು ತಿಂಗಳು ಬಿಲ್ ಕಟ್ಟಿದ್ದರೆ, ಮನೆ ಅವರದ್ದು, ವಾಸ ನಿಮ್ಮದು ಎಂಬುದು ಒಂದೇ ಕಾಗದದಲ್ಲಿ ಸಿಕ್ಕಿತು. ಇದರ ಜೊತೆಗೆ ವರ್ಗಾವಣೆ ಆದೇಶ, ಗ್ಯಾಸ್ ಸಂಪರ್ಕ ಬದಲಿಸಿದ ಚೀಟಿ, ಮಕ್ಕಳ ಶಾಲಾ ಪ್ರವೇಶದ ಕಾಗದ, ಇಂಟರ್‌ನೆಟ್ ಬಿಲ್ ಇವುಗಳಲ್ಲಿ ಒಂದೆರಡು ಸಾಕು. ಮನೆ ಮಾಲೀಕರದ್ದೇ ಎಂದು ತೋರಿಸಲು ನಗರಸಭೆಗೆ ಕಟ್ಟಿದ ಮನೆ ತೆರಿಗೆ ರಸೀದಿಯ ಪ್ರತಿ ಕೇಳಿ ಪಡೆಯಿರಿ.

ಶಿರಸಿಯಲ್ಲಿ ಸ್ವಂತ ಮನೆ ಇದ್ದು ಕಾರವಾರದಲ್ಲಿ ಬಾಡಿಗೆಗಿದ್ದರೆ ವಿನಾಯಿತಿ ತಪ್ಪುವುದಿಲ್ಲ. ತಪ್ಪುವುದು ನೀವು ವಾಸವಿದ್ದ ಮನೆಯೇ ನಿಮ್ಮದಾಗಿದ್ದರೆ.

## ಹಂತ 7: ಉತ್ತರದ ಪತ್ರ

ನಿಮ್ಮ ಕಡತ ಯಾವ ರಾಜ್ಯದ ಅಧಿಕಾರಿಯ ಮುಂದೆ ತೆರೆಯುತ್ತದೆಂದು ಹೇಳಲು ಬರುವುದಿಲ್ಲ. ಆದ್ದರಿಂದ ಪತ್ರ ಇಂಗ್ಲಿಷಿನಲ್ಲಿರಲಿ. ಕನ್ನಡದ ರಸೀದಿ, ದೃಢೀಕರಣ ಪತ್ರಗಳ ಜೊತೆ ಇಂಗ್ಲಿಷ್ ಅನುವಾದ ಸಹಿ ಮಾಡಿ ಇಡಿ. ನಮ್ಮವರು ಇದನ್ನು ಮರೆತು, "ದಾಖಲೆ ಸಲ್ಲಿಸಿಲ್ಲ" ಎಂಬ ಮರುಪ್ರಶ್ನೆ ತರಿಸಿಕೊಳ್ಳುತ್ತಾರೆ.

ಪ್ರಶ್ನಾವಳಿಯ ಕ್ರಮಸಂಖ್ಯೆಯಲ್ಲೇ ಉತ್ತರಿಸಿ. ಮೊದಲ ಪ್ಯಾರಾದಲ್ಲಿ ತೀರ್ಮಾನ ಇರಬೇಕು: ವಿನಾಯಿತಿ ಕೇಳಿದ್ದು 96,000, ಸರಿಯಾಗಿ ಸಲ್ಲಬೇಕಾದ್ದು 80,000, 16,000ಕ್ಕೆ ತೆರಿಗೆ ಕಟ್ಟಲು ಒಪ್ಪಿಗೆ, ತಪ್ಪು ಆದದ್ದು ವರ್ಗಾವಣೆಗೆ ಮುಂಚಿನ ಎರಡು ತಿಂಗಳನ್ನೂ ಎಣಿಸಿದ್ದರಿಂದ. ಆಮೇಲೆ ಪಟ್ಟಿ, ಆಮೇಲೆ ಅನುಬಂಧಗಳು. ಎರಡು ಪುಟ ದಾಟಬಾರದು. ಕೇಳದ ವಿಷಯ, ಮನೆಯ ಕಷ್ಟ, ಕಾಯ್ದೆಯ ಉದ್ದುದ್ದ ಉಲ್ಲೇಖ ಯಾವುದೂ ಬೇಡ.

## ಹಂತ 8: ಪೋರ್ಟಲ್‌ಗೆ ಏರಿಸುವುದು

ಒಂದೊಂದು ಪಿಡಿಎಫ್ 5 ಎಂಬಿಯೊಳಗೆ ಇರಲಿ. ಕಡತದ ಹೆಸರು ನೋಡಿದರೆ ಒಳಗೇನಿದೆ ತಿಳಿಯಬೇಕು:

```
01_Reply_AY2024-25.pdf
02_Rent_Chart.pdf
03_Bank_Statement.pdf
04_Landlord_Confirmation.pdf
05_Rent_Receipts.pdf
06_Residence_Proof.pdf
```

`Submit Response` ಒತ್ತಿದಾಗ `Partial Response`, `Full Response` ಎಂದು ಎರಡು ಆಯ್ಕೆ ಬರುತ್ತವೆ. ಇನ್ನೂ ಒಂದು ಕಾಗದ ಬರುವುದಿದ್ದರೂ ಮೊದಲನೆಯದನ್ನೇ ಆರಿಸಿ. ಎರಡನೆಯದನ್ನು ಒತ್ತಿದರೆ ಆ ನೋಟಿಸ್‌ಗೆ ನಿಮ್ಮ ಉತ್ತರ ಮುಗಿಯಿತೆಂದೇ ಅರ್ಥ. ರಸೀದಿ ಮಾತ್ರ ಏರಿಸಿ ಇದನ್ನು ಒತ್ತಿ ಬಂದವರೇ ನನ್ನ ಹತ್ತಿರ ಹೆಚ್ಚು. ಸಲ್ಲಿಸಿದ ಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಪ್ರತಿ ಪಿಡಿಎಫ್ ತೆರೆದು, ಪುಟ ತಲೆಕೆಳಗಾಗಿಲ್ಲ, ಸಹಿ ಓದಲು ಬರುತ್ತದೆ ಎಂದು ನೋಡಿಯೇ ಒತ್ತಿ. ಕೊನೆಗೆ ಬರುವ ಟ್ರಾನ್ಸಾಕ್ಷನ್ ಐಡಿಯ ಪುಟವನ್ನು ಇಳಿಸಿಟ್ಟುಕೊಳ್ಳಿ.

## ಹಂತ 9: ಉತ್ತರ ಕೊಟ್ಟ ಮೇಲೆ

ವಾರಕ್ಕೊಮ್ಮೆ ಲಾಗಿನ್ ಆಗಿ ನೋಡಿ, ಇಮೇಲ್ ನಂಬಿ ಕೂರಬೇಡಿ. ಶೋಕಾಸ್ ನೋಟಿಸ್ ಬಂದರೆ ಅದು ಎಚ್ಚರಿಕೆಯ ಗಂಟೆ, ಅಧಿಕಾರಿ ನಿಮಗೆ ವಿರುದ್ಧವಾದ ತೀರ್ಮಾನಕ್ಕೆ ಬರುತ್ತಿದ್ದಾರೆಂದು ಅರ್ಥ. ಯಾವ ತಿಂಗಳು, ಯಾವ ಕಾಗದ ಒಪ್ಪಿಗೆಯಾಗಿಲ್ಲ ಎಂದು ಅದರಲ್ಲಿರುತ್ತದೆ. ಅಷ್ಟಕ್ಕೇ ಉತ್ತರಿಸಿ, ಬೇಕಿದ್ದರೆ ವಿಡಿಯೋ ಮೂಲಕ ಅಹವಾಲು ಹೇಳಲು ಅವಕಾಶ ಕೇಳಿ. ಈ ಹಂತದಲ್ಲಿ ಒಬ್ಬ ಲೆಕ್ಕಪರಿಶೋಧಕರ ನೆರವು ಪಡೆಯುವುದು ಒಳ್ಳೆಯದು.

ಆದೇಶ ಬಂದು ಸ್ವಲ್ಪ ತೆರಿಗೆ ಬಿದ್ದರೆ, ಬೇಡಿಕೆ ನೋಟಿಸ್‌ನಲ್ಲಿ ಹೇಳಿದ ಅವಧಿಯೊಳಗೆ ಕಟ್ಟಿ. ತಪ್ಪು ಮಾಹಿತಿ ಎಂಬ ಆರೋಪ ಇಲ್ಲದೆ ಬರೀ ಕಡಿಮೆ ಆದಾಯ ತೋರಿಸಿದ್ದೆಂದು ದಂಡದ ಪ್ರಕ್ರಿಯೆ ಶುರುವಾಗಿದ್ದರೆ ಇನ್ನೊಂದು ದಾರಿ ಇದೆ. ತೆರಿಗೆ ಬಡ್ಡಿ ಕಟ್ಟಿ, ಮೇಲ್ಮನವಿ ಹಾಕದೆ, ಫಾರ್ಮ್ 68ರಲ್ಲಿ ದಂಡದಿಂದ ವಿನಾಯಿತಿ ಕೇಳಬಹುದು. ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಒಂದೇ ತಿಂಗಳ ಅವಕಾಶ. ಆದೇಶ ಬಂದ ದಿನವೇ ಈ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.